ಡಬ್ಬಿಯಲ್ಲಿಟ್ಟ ದುಡ್ಡು, ಖಾತೆಯಲ್ಲಿಟ್ಟ ದುಡ್ಡು: ಯಾವುದು ಭದ್ರ, ಯಾಕೆ?

ಗ್ರಾಮ ಮಟ್ಟದ ಕಾರ್ಯಾಗಾರದಲ್ಲಿ ಓದಿ ಹೇಳಲು ಸಿದ್ಧಪಡಿಸಿದ ಮಾತು

ಎಲ್ಲರಿಗೂ ನಮಸ್ಕಾರ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ, ಅದುವರೆಗೆ ಬ್ಯಾಂಕಿನ ಮೆಟ್ಟಿಲು ಹತ್ತದಿದ್ದ ಎಷ್ಟೋ ಅಕ್ಕಂದಿರ ಹೆಸರಿನಲ್ಲಿ ಖಾತೆಗಳಾದವು. ಹಾಲಿನ ಬಟವಾಡೆ, ನರೇಗಾ ಕೂಲಿ, ಪಿಂಚಣಿ ಎಲ್ಲವೂ ಈಗ ಖಾತೆಗೇ ಬರುತ್ತವೆ. ಆದರೂ ಹಣ ಬಂತು ಎಂದು ಗೊತ್ತಾದ ದಿನವೇ ಪೂರ್ತಿ ತೆಗೆದು ಮನೆಗೆ ತಂದು, ಅಕ್ಕಿ ಡಬ್ಬಿಯಲ್ಲೋ ಸೀರೆ ಮಡಿಕೆಯಲ್ಲೋ ಇಡುವವರು ಬಹಳ ಜನ ಇದ್ದಾರೆ. ಕೇಳಿದರೆ, "ಕಣ್ಣ ಮುಂದೆ ಇದ್ದರೆ ಧೈರ್ಯ" ಎನ್ನುತ್ತಾರೆ. ಆ ಧೈರ್ಯ ಎಲ್ಲಿಯವರೆಗೆ ನಿಲ್ಲುತ್ತದೆ, ಬ್ಯಾಂಕಿನಲ್ಲಿಟ್ಟರೆ ಭದ್ರ ಎನ್ನುವುದಕ್ಕೆ ಆಧಾರವೇನು, ಆ ಭದ್ರತೆ ಎಲ್ಲಿ ಕೈಕೊಡಬಹುದು ಎಂಬುದನ್ನು ಈಗ ನೋಡೋಣ.

## ನೋಟಿನ ಮೇಲೆ ನಿಮ್ಮ ಹೆಸರಿಲ್ಲ

500 ರೂಪಾಯಿ ನೋಟನ್ನು ತಿರುಗಿಸಿ ಮುರುಗಿಸಿ ನೋಡಿದರೂ ಅದು ಯಾರದೆಂದು ಎಲ್ಲೂ ಬರೆದಿರುವುದಿಲ್ಲ. ಯಾರ ಕೈಯಲ್ಲಿದೆಯೋ ಅವರದು. ಮನೆಯಲ್ಲಿಟ್ಟ ಹಣದ ಎಲ್ಲ ತೊಂದರೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ಕಳುವಾದರೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬಹುದು. ಆದರೆ ಕಳ್ಳನ ಜೇಬಿನಲ್ಲಿ ನೋಟು ಸಿಕ್ಕರೂ ಇದು ನನ್ನದೇ ಎಂದು ತೋರಿಸಲು ನಿಮ್ಮ ಹತ್ತಿರ ಗುರುತಿಲ್ಲ. ಬಂಗಾರವಾದರೆ ಒಡವೆಯ ಆಕಾರವಾದರೂ ಗುರುತು ಸಿಗುತ್ತದೆ, ನೋಟಿಗೆ ಅದೂ ಇಲ್ಲ.

ಖಾತೆಯ ಹಣ ಬೇರೆ ಥರ. ಇದನ್ನು ಡೇರಿಗೆ ಹಾಲು ಹಾಕುವ ಯಾರಿಗಾದರೂ ಸುಲಭವಾಗಿ ಹೇಳಬಹುದು. ಬೆಳಿಗ್ಗೆ ನೀವು ಸುರಿದ ಹಾಲು ಊರವರ ಹಾಲಿನ ಜೊತೆ ಒಂದೇ ಕ್ಯಾನಿನಲ್ಲಿ ಬೆರೆಯುತ್ತದೆ. ಸಂಜೆ ಹೋಗಿ "ನನ್ನ ಹಸುವಿನ ಹಾಲೇ ಕೊಡಿ" ಎಂದರೆ ಯಾರಿಂದಲೂ ಆಗದು. ಆದರೂ ನಿಮಗೆ ಭಯವಿಲ್ಲ, ಯಾಕೆಂದರೆ ನಿಮ್ಮ ನಂಬರಿನ ಎದುರು ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಬರೆದಾಗಿದೆ. ಕ್ಯಾನ್ ದಾರಿಯಲ್ಲಿ ಉರುಳಿದರೂ ಆ ಬರಹ ಉಳಿಯುತ್ತದೆ, ಬಟವಾಡೆ ಕೊಡಲೇಬೇಕು.

ಬ್ಯಾಂಕಿನಲ್ಲೂ ಹೀಗೆಯೇ. ನೀವು ಕಟ್ಟಿದ ನೋಟುಗಳು ನಿಮ್ಮ ಹೆಸರಿನ ಪೆಟ್ಟಿಗೆಯಲ್ಲಿ ಕೂತಿರುವುದಿಲ್ಲ. ಅದರಲ್ಲಿ ಒಂದು ಭಾಗವನ್ನು ಬ್ಯಾಂಕು ಬೇರೆಯವರಿಗೆ ಸಾಲ ಕೊಡುತ್ತದೆ, ಒಂದು ಭಾಗವನ್ನು ರಿಸರ್ವ್ ಬ್ಯಾಂಕಿನ ನಿಯಮದಂತೆ ನಗದಾಗಿಯೂ ಸರ್ಕಾರಿ ಸಾಲಪತ್ರಗಳಾಗಿಯೂ ತೆಗೆದಿಡುತ್ತದೆ. ಸಾಲಗಾರರಿಂದ ಬರುವ ಬಡ್ಡಿಯಲ್ಲೇ ನಿಮಗೂ ಸ್ವಲ್ಪ ಬಡ್ಡಿ ಕೊಡುತ್ತದೆ. ನಿಮ್ಮ ಹೆಸರಿನಲ್ಲಿರುವುದು ಬರಹ: ಈ ಖಾತೆಯವರಿಗೆ ಬ್ಯಾಂಕು ಇಷ್ಟು ಹಣ ಕೊಡಬೇಕು ಎನ್ನುವ ಲೆಕ್ಕ. ಹಾಗಾಗಿ ಶಾಖೆಗೆ ಕಳ್ಳರು ನುಗ್ಗಿ ನಗದು ದೋಚಿದರೂ, ಕಟ್ಟಡಕ್ಕೆ ಬೆಂಕಿ ಬಿದ್ದರೂ ಆ ನಷ್ಟ ಬ್ಯಾಂಕಿನದು. ನಿಮ್ಮ ಬಾಕಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಪಾಸ್‌ಬುಕ್ ಕಳೆದರೂ ಹಣ ಹೋಗುವುದಿಲ್ಲ, ಹೊಸ ಪುಸ್ತಕ ಕೊಡುತ್ತಾರೆ.

## ಗೆದ್ದಲು ತಿಂದ 24,000 ರೂಪಾಯಿಯ ಲೆಕ್ಕ

ಒಬ್ಬ ಅಕ್ಕ ತಿಂಗಳಿಗೆ 1,000 ರೂಪಾಯಿಯಂತೆ ಎರಡು ವರ್ಷ ಕೂಡಿಟ್ಟರು ಎಂದುಕೊಳ್ಳೋಣ. ಒಟ್ಟು 24,000 ರೂಪಾಯಿ, ಅಂದರೆ 500ರ 48 ನೋಟು. ಸುರುಳಿ ಸುತ್ತಿ, ಬಟ್ಟೆಯಲ್ಲಿ ಕಟ್ಟಿ, ಮಣ್ಣಿನ ಗೋಡೆಯ ಗೂಡಿನಲ್ಲಿಟ್ಟಿದ್ದಾರೆ. ನಮ್ಮ ನೋಟುಗಳನ್ನು ಹತ್ತಿಯ ನಾರಿನ ಕಾಗದದಿಂದ ಮಾಡುತ್ತಾರೆ. ಗೆದ್ದಲಿಗೆ ಅದು ಒಳ್ಳೆಯ ಆಹಾರ. ಮಳೆಗಾಲದಲ್ಲಿ ಗೋಡೆಗೆ ತೇವ ಹಿಡಿದರೆ ಗೆದ್ದಲು ಬರುವುದೂ ಸುಲಭ. ಮಗಳ ಮದುವೆಗೆಂದು ಗಂಟು ಬಿಚ್ಚಿದಾಗ ನೋಟುಗಳ ಒಂದು ಅಂಚು ಮಾಯವಾಗಿದೆ.

ಹರಿದ, ಹುಳ ತಿಂದ ನೋಟಿಗೆ ಬದಲಿ ಸಿಗುತ್ತದೆ, ಆದರೆ ಅಳತೆಗೆ ತಕ್ಕಂತೆ. 50 ರೂಪಾಯಿ ಮತ್ತು ಅದಕ್ಕೆ ಮೇಲಿನ ನೋಟುಗಳಲ್ಲಿ, ಉಳಿದಿರುವ ಒಂದೇ ದೊಡ್ಡ ತುಂಡು ಪೂರ್ತಿ ನೋಟಿನ ಶೇ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ ಕೊಡುತ್ತಾರೆ. ಶೇ 40ರಿಂದ 80ರ ನಡುವೆ ಇದ್ದರೆ ಅರ್ಧ ಬೆಲೆ. ಶೇ 40ಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಸಣ್ಣ ಸಣ್ಣ ಚೂರುಗಳನ್ನು ಕೂಡಿಸಿ ಅಳೆಯುವುದಿಲ್ಲ.

ಈ ಅಕ್ಕನ 48 ನೋಟುಗಳಲ್ಲಿ 10 ಹೆಚ್ಚುಕಡಿಮೆ ಇಡಿಯಾಗಿವೆ ಎಂದಿಟ್ಟುಕೊಳ್ಳಿ. ಅವಕ್ಕೆ 5,000 ಸಿಕ್ಕಿತು. 20 ನೋಟುಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಉಳಿದಿದೆ. ಅವಕ್ಕೆ ತಲಾ 250ರಂತೆ ಮತ್ತೊಂದು 5,000. ಇನ್ನುಳಿದ 18 ನೋಟುಗಳಲ್ಲಿ ಬರೀ ಅಂಚು ಉಳಿದಿದೆ, ಅವಕ್ಕೆ ಸೊನ್ನೆ. ಎರಡು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ 24,000ದಲ್ಲಿ ಕೈಗೆ ಬಂದದ್ದು 10,000.

ಬೆಂಕಿಯಲ್ಲಿ ಸುಟ್ಟು ಕರಕಾದ, ಮುಟ್ಟಿದರೆ ಪುಡಿಯಾಗುವ, ಇಲ್ಲವೇ ನೀರಲ್ಲಿ ನೆಂದು ಬಿಡಿಸಲಾಗದಂತೆ ಅಂಟಿಕೊಂಡ ನೋಟುಗಳನ್ನು ಊರಿನ ಬ್ಯಾಂಕ್ ಶಾಖೆ ತೆಗೆದುಕೊಳ್ಳುವುದಿಲ್ಲ. ಅವನ್ನು ರಿಸರ್ವ್ ಬ್ಯಾಂಕಿನ ಕಚೇರಿಗೇ ಒಪ್ಪಿಸಬೇಕು. ಕರ್ನಾಟಕದವರಿಗೆ ಅದು ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿದೆ. ಯಾರ ಮನೆಯಲ್ಲಾದರೂ ಹೀಗಾಗಿದ್ದರೆ ನೋಟುಗಳನ್ನು ತೊಳೆಯಲು, ಎಳೆದು ಬಿಡಿಸಲು ಹೋಗಬೇಡಿ. ಬಿಡಿಸುವಾಗ ತುಂಡಾದರೆ ಅಳತೆಯಲ್ಲಿ ಕಳೆದುಕೊಳ್ಳುವುದು ನೀವೇ. ಹೇಗಿದೆಯೋ ಹಾಗೇ ಒಂದು ಡಬ್ಬಿಯಲ್ಲಿಟ್ಟು ತೆಗೆದುಕೊಂಡು ಹೋಗಿ.

ಅದೇ ಅಕ್ಕ ತಿಂಗಳಿಗೆ 1,000ವನ್ನು ಉಳಿತಾಯ ಖಾತೆಯಲ್ಲೇ ಬಿಟ್ಟಿದ್ದರೆ? ಬಡ್ಡಿ ವರ್ಷಕ್ಕೆ ಶೇ 2.5 ಎಂದು ಹಿಡಿದರೂ ಎರಡು ವರ್ಷಕ್ಕೆ ಸುಮಾರು 625 ರೂಪಾಯಿ ಸೇರುತ್ತಿತ್ತು. ಪ್ರತಿ ತಿಂಗಳು ಕಟ್ಟುವ ಆರ್‌ಡಿ ಖಾತೆಯಲ್ಲಿ ಶೇ 6ರ ಬಡ್ಡಿ ಸಿಕ್ಕಿದ್ದರೆ 1,500ಕ್ಕಿಂತ ಸ್ವಲ್ಪ ಹೆಚ್ಚು. ಈ ಬಡ್ಡಿಯಿಂದ ಯಾರೂ ಶ್ರೀಮಂತರಾಗುವುದಿಲ್ಲ, ಬೆಲೆ ಏರಿಕೆಯನ್ನೂ ಅದು ಪೂರ್ತಿ ಸರಿದೂಗಿಸದು. ಇಲ್ಲಿ ನೋಡಬೇಕಾದದ್ದು ಅಸಲು. ಅದು 24,000ಕ್ಕೆ 24,000 ಉಳಿಯುತ್ತಿತ್ತು.

## ನೋಟೇ ಬದಲಾದಾಗ

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000ದ ಹಳೆಯ ನೋಟುಗಳು ರದ್ದಾದದ್ದು ನಿಮಗೆಲ್ಲ ನೆನಪಿರಬಹುದು. ಸಾಮಾನ್ಯ ಜನ ಅವನ್ನು ಖಾತೆಗೆ ಕಟ್ಟಲು ಅದೇ ವರ್ಷದ ಡಿಸೆಂಬರ್ 30 ಕೊನೆಯ ದಿನವಾಗಿತ್ತು. ಗಂಡನಿಗೂ ಹೇಳದೆ ಕಷ್ಟಕಾಲಕ್ಕೆಂದು ಬಚ್ಚಿಟ್ಟ ದುಡ್ಡನ್ನು ಎಷ್ಟೋ ಹೆಣ್ಣುಮಕ್ಕಳು ಆಗ ಹೊರಗೆ ತೆಗೆಯಬೇಕಾಯಿತು. ಟ್ರಂಕಿನ ತಳದಲ್ಲಿ ಮರೆತ ನೋಟು ಆಮೇಲೆ ಸಿಕ್ಕಿದವರಿಗೆ ಅದು ಬರೀ ಕಾಗದ. 2023ರ ಮೇ 19ರಂದು 2,000ದ ನೋಟನ್ನು ಹಿಂದಕ್ಕೆ ಪಡೆಯುವುದಾಗಿ ರಿಸರ್ವ್ ಬ್ಯಾಂಕು ಹೇಳಿತು. ಅದು ರದ್ದತಿಯಾಗಿರಲಿಲ್ಲವಾದರೂ, ಆ ವರ್ಷದ ಅಕ್ಟೋಬರ್ 7ರ ನಂತರ ಊರಿನ ಬ್ಯಾಂಕುಗಳು ಆ ನೋಟು ಪಡೆಯುವುದನ್ನು ನಿಲ್ಲಿಸಿದವು.

ಈ ಎರಡೂ ಸಲ ಖಾತೆಯಲ್ಲಿದ್ದ ಅಂಕಿಗೆ ಏನೂ ಆಗಲಿಲ್ಲ. 2016ರ ನವೆಂಬರ್‌ನಿಂದ ಕೆಲವು ತಿಂಗಳು ನಗದು ತೆಗೆಯಲು ಮಿತಿ ಇತ್ತು, ಸಾಲಿನಲ್ಲಿ ನಿಲ್ಲಬೇಕಾಯಿತು, ನಿಜ. ಆದರೆ ಪಾಸ್‌ಬುಕ್ಕಿನ ಬಾಕಿ ಹಾಗೇ ಇತ್ತು.

## ಬ್ಯಾಂಕೇ ಮುಳುಗಿದರೆ?

ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ನೇರ ಉತ್ತರ ಕೊಡಬೇಕು. ಬ್ಯಾಂಕುಗಳು ಕೆಲವೊಮ್ಮೆ ಕಷ್ಟಕ್ಕೆ ಸಿಲುಕುತ್ತವೆ. ಅದಕ್ಕೇ ಕಾನೂನಿನಲ್ಲಿ ಠೇವಣಿ ವಿಮೆ ಎಂಬುದಿದೆ. ಬ್ಯಾಂಕು ಮುಚ್ಚಿದರೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿರುವ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮಾ ನಿಗಮ ಕೊಡುತ್ತದೆ. ಹಿಂದೆ ಈ ಮಿತಿ 1 ಲಕ್ಷ ಇತ್ತು, 2020ರ ಫೆಬ್ರುವರಿ 4ರಿಂದ 5 ಲಕ್ಷವಾಯಿತು. ವಿಮೆಯ ಕಂತನ್ನು ಬ್ಯಾಂಕು ಕಟ್ಟುತ್ತದೆ, ನೀವು ಅರ್ಜಿ ಹಾಕುವ ಅಗತ್ಯವಿಲ್ಲ, ಖಾತೆ ತೆರೆದ ಕೂಡಲೇ ಅದು ನಿಮಗೂ ಸೇರುತ್ತದೆ. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ನಿಮ್ಮ ಖಾತೆ ಇದ್ದರೆ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಬೇರೆ ಬೇರೆ ಬ್ಯಾಂಕಾದರೆ ಪ್ರತಿಯೊಂದಕ್ಕೂ ಬೇರೆ 5 ಲಕ್ಷ.

2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದಾಗ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆಗಿನ ಕಾನೂನಿನಲ್ಲಿ ಬ್ಯಾಂಕು ಪೂರ್ತಿ ಮುಚ್ಚುವವರೆಗೆ ವಿಮೆ ಹಣಕ್ಕೆ ಕಾಯಬೇಕಿತ್ತು. 2021ರಲ್ಲಿ ಕಾನೂನು ತಿದ್ದಿದರು. ಈಗ ಇಂಥ ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಠೇವಣಿದಾರರಿಗೆ ಸಿಗುವ ವ್ಯವಸ್ಥೆಯಿದೆ. 5 ಲಕ್ಷಕ್ಕಿಂತ ಹೆಚ್ಚು ಇಟ್ಟವರ ಉಳಿದ ಹಣಕ್ಕೆ ಮಾತ್ರ ಈ ರಕ್ಷಣೆ ಇಲ್ಲ.

ನಮ್ಮ ಹಳ್ಳಿಗಳಲ್ಲಿ ಬಹಳ ಜನ ಎಡವುವುದು ಇಲ್ಲೇ: ಹಣ ಕಟ್ಟಿಸಿಕೊಳ್ಳುವ ಕಡೆಗೆಲ್ಲ ಈ ವಿಮೆ ಇರುವುದಿಲ್ಲ. ಸ್ಟೇಟ್ ಬ್ಯಾಂಕ್, ಕೆನರಾ ಬ್ಯಾಂಕಿನಂಥವು, ಕರ್ನಾಟಕ ಗ್ರಾಮೀಣ ಬ್ಯಾಂಕ್, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಅಂದರೆ ಡಿಸಿಸಿ ಬ್ಯಾಂಕು, ಇವು ವಿಮೆಯೊಳಗೆ ಬರುತ್ತವೆ. ಊರಿನ ಕೃಷಿ ಪತ್ತಿನ ಸಹಕಾರ ಸಂಘ, ಅಂದರೆ ನಾವು ಸೊಸೈಟಿ ಎನ್ನುವುದು, ಸೌಹಾರ್ದ ಸಹಕಾರಿಗಳು, ಚೀಟಿ ವ್ಯವಹಾರ, ಫೈನಾನ್ಸ್ ಕಂಪನಿಗಳು ಇದರೊಳಗೆ ಬರುವುದಿಲ್ಲ. ಅವು ಕೆಟ್ಟವು ಎಂದು ಇದರ ಅರ್ಥವಲ್ಲ. ಬೆಳೆ ಸಾಲಕ್ಕೆ ಸೊಸೈಟಿ ಬೇಕೇ ಬೇಕು. ಆದರೆ ಅಲ್ಲಿಟ್ಟ ಠೇವಣಿ ಮುಳುಗಿದರೆ ಈ 5 ಲಕ್ಷದ ರಕ್ಷಣೆ ಸಿಗದು, ಆದ್ದರಿಂದ ಬಡ್ಡಿ ಒಂದೆರಡು ಪೈಸೆ ಜಾಸ್ತಿ ಎಂದು ಉಳಿತಾಯವನ್ನೆಲ್ಲ ಅಲ್ಲಿ ಹಾಕಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಅಂಚೆ ಕಚೇರಿಯ ಉಳಿತಾಯ ಖಾತೆ ಈ ವಿಮೆಯೊಳಗೆ ಬರದಿದ್ದರೂ ಅದಕ್ಕೆ ಕೇಂದ್ರ ಸರ್ಕಾರವೇ ಹೊಣೆ, ಅಲ್ಲಿ ಭಯವಿಲ್ಲ. ಅನುಮಾನವಿದ್ದರೆ ಕೌಂಟರಿನಲ್ಲಿ "ಇಲ್ಲಿ ಠೇವಣಿ ವಿಮೆ ಇದೆಯಾ?" ಎಂದು ನೇರವಾಗಿ ಕೇಳಿ, ಅದರ ಫಲಕ ಎಲ್ಲಿದೆ ತೋರಿಸಿ ಎನ್ನಿ.

## ಬರಹ ಸರಿಯಿದೆಯಾ ಎಂದು ನೋಡುವ ಕೆಲಸ ನಿಮ್ಮದು

ಬ್ಯಾಂಕಿನ ಭದ್ರತೆಯೆಲ್ಲ ನಿಂತಿರುವುದು ಲೆಕ್ಕದ ಮೇಲೆ ಎಂದಾದರೆ, ಹಣ ಕೊಟ್ಟಿದ್ದೀರಿ ಆದರೆ ಲೆಕ್ಕಕ್ಕೆ ಏರಲಿಲ್ಲ ಎನ್ನುವ ಕ್ಷಣವೇ ಅಪಾಯದ ಕ್ಷಣ. ಹಳ್ಳಿಯಲ್ಲಿ ಇದು ಹೆಚ್ಚಾಗಿ ಆಗುವುದು ಬ್ಯಾಂಕ್ ಮಿತ್ರರ ಬಳಿ, ಅಂದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುವ ಗ್ರಾಹಕ ಸೇವಾ ಕೇಂದ್ರಗಳಲ್ಲಿ. ಬಹುಪಾಲು ಮಿತ್ರರು ಪ್ರಾಮಾಣಿಕರು, ಅವರಿಂದಾಗಿ ಹತ್ತಾರು ಕಿಲೋಮೀಟರ್ ಬಸ್ಸಿನ ಓಡಾಟ ತಪ್ಪಿದೆ. ಆದರೂ ತಪ್ಪು ನಡೆಯುವ ದಾರಿ ಗೊತ್ತಿದ್ದರೆ ಒಳ್ಳೆಯದು.

ಹಣ ಕಟ್ಟುವಾಗ ಚೀಟಿಯಲ್ಲಿ ಕೈಬರಹದಲ್ಲಿ ಬರೆದುಕೊಟ್ಟು "ಸಂಜೆ ನೆಟ್‌ವರ್ಕ್ ಬಂದಾಗ ಹಾಕುತ್ತೇನೆ" ಎಂದರೆ ಒಪ್ಪಬೇಡಿ. ನೆಟ್‌ವರ್ಕ್ ಬಂದ ಮೇಲೆ ನೀವೇ ಬಂದು ಕಟ್ಟಿ. ಯಂತ್ರದಿಂದ ಬರುವ ರಸೀದಿಯಲ್ಲಿ ದಿನಾಂಕ, ಮೊತ್ತ, ವ್ಯವಹಾರದ ಸಂಖ್ಯೆ ಇರುತ್ತವೆ. ಮಿತ್ರರು ಮಾಡಿದ ಕೆಲಸಕ್ಕೆ ಬ್ಯಾಂಕೇ ಹೊಣೆ, ಆದರೆ ಆ ಹೊಣೆ ಹೊರಿಸಲು ನಿಮ್ಮ ಕೈಯಲ್ಲಿ ಬೇಕಾದದ್ದು ಆ ರಸೀದಿ. ಕೈಬರಹದ ಚೀಟಿ ಸಾಕ್ಷಿಯಾಗಿ ನಿಲ್ಲುವುದು ಕಷ್ಟ.

ತೆಗೆಯುವಾಗ ಹೆಬ್ಬೆಟ್ಟಿನ ವಿಷಯದಲ್ಲಿ ಎಚ್ಚರ ಬೇಕು. ಪ್ರತಿ ಒತ್ತಿಗೂ ಒಂದು ವ್ಯವಹಾರ ನಡೆಯಬಹುದು. "ಹತ್ತಲಿಲ್ಲ, ಇನ್ನೊಮ್ಮೆ ಒತ್ತಿ" ಎಂದಾಗ, ಮೊದಲಿನದು ವಿಫಲವಾಯಿತೆಂದು ತೋರಿಸುವ ರಸೀದಿ ಕೇಳಿ, ಇಲ್ಲವೇ ಮೊದಲು ಬಾಕಿ ಎಷ್ಟಿದೆ ಎಂದು ನೋಡಿಸಿ, ಆಮೇಲೆ ಒತ್ತಿ. ಹೊಲದ ಕೆಲಸ, ಪಾತ್ರೆ ತೊಳೆಯುವ ಕೆಲಸದಿಂದ ಬೆರಳ ಗೆರೆ ಸವೆದು ನಿಜವಾಗಿಯೂ ಹತ್ತದೇ ಇರಬಹುದು. ಆದರೆ ಅದನ್ನು ಹೇಳಬೇಕಾದದ್ದು ರಸೀದಿ, ಬಾಯಿಮಾತಲ್ಲ. ಖಾತೆಯಲ್ಲಿ ಹಣ ಕಡಿತವಾಗಿ ಕೈಗೆ ನಗದು ಬರದಿದ್ದರೆ, ಐದು ದಿನಗಳೊಳಗೆ ಅದು ಖಾತೆಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ತಿಂಗಳಿಗೊಮ್ಮೆ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಒಂದೊಂದು ಸಾಲೂ ಓದಿಸಿ. ನೀವು ತೆಗೆಯದ ಹಣ ಕಡಿತವಾಗಿದ್ದರೆ ಆ ದಿನವೇ ಶಾಖೆಗೆ ಬರವಣಿಗೆಯಲ್ಲಿ ತಿಳಿಸಿ, ಕೊಟ್ಟದ್ದಕ್ಕೆ ಮೊಹರು ಹಾಕಿಸಿಕೊಳ್ಳಿ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರು ಹಣ ಎತ್ತಿದ್ದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ತಡ ಮಾಡಿದಷ್ಟೂ ನಷ್ಟದ ಪಾಲು ನಿಮ್ಮ ಮೇಲೆ ಬೀಳುತ್ತದೆ. ಒಟಿಪಿಯನ್ನು ನೀವೇ ಹೇಳಿ ಹಣ ಹೋಗಿದ್ದರೆ ಈ ರಕ್ಷಣೆ ಹೀಗೆ ಸಿಗುವುದಿಲ್ಲ. ಬ್ಯಾಂಕಿಗೆ ತಿಳಿಸುವ ಮುಂಚೆ ಹೋದ ಹಣದ ನಷ್ಟ ನಿಮ್ಮದೇ. ಫೋನಿನಲ್ಲಿ ಮೋಸವಾದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮುಂಚೆ ತಡೆಯಲು ಆಗಬಹುದು.

## ಹಾಗೇ ಬಿಟ್ಟ ಖಾತೆ, ಹೇಳದೆ ಹೋದ ಹಣ

ಎರಡು ವರ್ಷ ನೀವು ಹಣ ಕಟ್ಟದೆ, ತೆಗೆಯದೆ ಬಿಟ್ಟರೆ ಖಾತೆ ನಿಷ್ಕ್ರಿಯವಾಗುತ್ತದೆ. "ಖಾತೆ ಬಂದ್ ಆಗಿದೆ" ಎಂದು ಕೇಳಿ ಹಣವೇ ಹೋಯಿತೆಂದು ಕೈಬಿಟ್ಟವರಿದ್ದಾರೆ. ಹಣ ಎಲ್ಲೂ ಹೋಗಿರುವುದಿಲ್ಲ. ಆಧಾರ್ ಮತ್ತು ಫೋಟೊ ತೆಗೆದುಕೊಂಡು ಶಾಖೆಗೆ ಹೋಗಿ ಕೆವೈಸಿ ಕೊಟ್ಟರೆ ಮತ್ತೆ ಚಾಲೂ ಮಾಡುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ಹಣ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ. ಆಮೇಲೂ ಖಾತೆದಾರರಾಗಲಿ ವಾರಸುದಾರರಾಗಲಿ ಅದೇ ಬ್ಯಾಂಕಿಗೆ ಹೋಗಿ ಕೇಳಿ ಪಡೆಯಬಹುದು.

ಮನೆಯಲ್ಲಿ ಬಚ್ಚಿಟ್ಟ ಹಣಕ್ಕೆ ಈ ಅವಕಾಶ ಇಲ್ಲ. ಇಟ್ಟ ಜಾಗ ಇಟ್ಟವರಿಗೆ ಮಾತ್ರ ಗೊತ್ತು. ಅವರು ತಟ್ಟನೆ ತೀರಿಕೊಂಡರೆ ಮನೆಯವರಿಗೆ ಅಂಥ ಹಣ ಇತ್ತೆಂದೇ ತಿಳಿಯುವುದಿಲ್ಲ. ಖಾತೆಗೆ ನಾಮಿನಿ ಹೆಸರು ಬರೆಸಿದ್ದರೆ, ಮರಣ ಪ್ರಮಾಣಪತ್ರ ಮತ್ತು ತಮ್ಮ ಗುರುತಿನ ಚೀಟಿ ತೋರಿಸಿ ನಾಮಿನಿ ಹಣ ಪಡೆಯಬಹುದು, ಸಾಮಾನ್ಯವಾಗಿ ಕೋರ್ಟಿಗೆ ಅಲೆಯಬೇಕಿಲ್ಲ. 2025ರ ನವೆಂಬರ್‌ನಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಬರೆಸಬಹುದು. ಒಂದು ಮಾತು ಗಮನದಲ್ಲಿರಲಿ: ನಾಮಿನಿ ಹಣವನ್ನು ಪಡೆಯುವವರು, ವಾರಸುದಾರರಿಗೆ ಅದರಲ್ಲಿರುವ ಹಕ್ಕು ಇದರಿಂದ ಹೋಗುವುದಿಲ್ಲ. ನಿಮ್ಮ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ನಾಮಿನಿ ನೋಂದಾಯಿಸಿದ ಗುರುತು ಇದೆಯೇ ಎಂದು ಇವತ್ತೇ ನೋಡಿ. ಇಲ್ಲದಿದ್ದರೆ ಶಾಖೆಯಲ್ಲಿ ಫಾರಂ ತುಂಬಿಕೊಡಿ.

## ಮನೆಯಲ್ಲಿ ಎಷ್ಟಿರಬೇಕು, ಖಾತೆ ಇಲ್ಲದವರು ಏನು ಮಾಡಬೇಕು

ಮನೆಯಲ್ಲಿ ಒಂದು ಪೈಸೆಯೂ ಇರಬಾರದು ಎಂದು ಯಾರೂ ಹೇಳುವುದಿಲ್ಲ. ರಾತ್ರಿ ಆಸ್ಪತ್ರೆಗೆ ಓಡಬೇಕಾಗಬಹುದು, ಮೂರು ದಿನ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದಿರಬಹುದು. ಹತ್ತು ಹದಿನೈದು ದಿನದ ಮನೆ ಖರ್ಚಿನಷ್ಟು ನಗದು, ಅದೂ ಚಿಲ್ಲರೆ ನೋಟುಗಳಲ್ಲಿ, ಕೈಗೆ ಸಿಗುವಂತಿದ್ದರೆ ಸಾಕು. ಅದಕ್ಕಿಂತ ಹೆಚ್ಚಿನದು ಖಾತೆಯಲ್ಲಿರಲಿ.

ಖಾತೆ ಇನ್ನೂ ಇಲ್ಲದವರು ಆಧಾರ್, ಪ್ಯಾನ್ ಕಾರ್ಡ್ ಮತ್ತು ಎರಡು ಫೋಟೊ ತೆಗೆದುಕೊಂಡು ಹೋಗಿ. ಪ್ಯಾನ್ ಇಲ್ಲದಿದ್ದರೆ ಬ್ಯಾಂಕಿನಲ್ಲೇ ಫಾರಂ 60 ಎಂಬುದನ್ನು ತುಂಬಿಸಿಕೊಳ್ಳುತ್ತಾರೆ. ಬರೀ "ಖಾತೆ ಬೇಕು" ಎನ್ನದೆ, "ಝೀರೋ ಬ್ಯಾಲೆನ್ಸ್ ಖಾತೆ ಬೇಕು" ಎಂದು ಕೇಳಿ. ಕೆಲವು ಬ್ಯಾಂಕುಗಳ ಸಾಮಾನ್ಯ ಖಾತೆಯಲ್ಲಿ ಕನಿಷ್ಠ ಬಾಕಿ ಇಡದಿದ್ದರೆ ದಂಡ ಹಿಡಿಯುತ್ತಾರೆ, ಝೀರೋ ಬ್ಯಾಲೆನ್ಸ್ ಖಾತೆಯಲ್ಲಿ ಹಾಗಿಲ್ಲ. ಜನಧನ ಖಾತೆಯೂ ಇದೇ ಬಗೆಯದು. ಮನೆಯಲ್ಲಿ ಯಾರ ಬಳಿಯಾದರೂ ಮೊಬೈಲ್ ಇದೆ ಎಂದು ಅವರ ನಂಬರು ಕೊಡಬೇಡಿ. ನಿಮ್ಮ ಕೈಯಲ್ಲೇ ಇರುವ ಮೊಬೈಲಿನ ನಂಬರನ್ನೇ ಕೊಡಿ, ಯಾಕೆಂದರೆ ಹಣ ಹೋದ ಸುದ್ದಿ ಮೊದಲು ಬರುವುದು ಅಲ್ಲಿಗೆ.

ಶಾಖೆಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಉತ್ತರ ಸರಿಯೆನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹೇಗೆ ಕೊಡಬೇಕು ಎಂಬುದನ್ನು 14448 ನಂಬರಿಗೆ ಕರೆ ಮಾಡಿ ಕನ್ನಡದಲ್ಲೇ ಕೇಳಿ ತಿಳಿದುಕೊಳ್ಳಬಹುದು. ಕರೆ ಮಾಡುವ ಮುಂಚೆ ಶಾಖೆಗೆ ಕೊಟ್ಟ ದೂರಿನ ಮೊಹರಿರುವ ಪ್ರತಿ ಮತ್ತು ಯಂತ್ರದ ರಸೀದಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ.